ಬಿಟ್ಟವುಗಳ ಪಟ್ಟಿ

ಮಕ್ಕಳಿಗೆಲ್ಲ ಜಂತುಹುಳುವಿನ ಮಾತ್ರೆ ಕೊಟ್ಟರೆ ಅವರ ತೂಕ ಹೆಚ್ಚುತ್ತದೆಯೇ? ದೆಹಲಿಯ ನಮ್ಮ ಕಚೇರಿಗೆ ಬಂದ ಪ್ರಶ್ನೆಯಿದು. ಉತ್ತರ ಹುಡುಕಲು ಹೊಸ ಪ್ರಯೋಗ ನಡೆಸಬೇಕಿರಲಿಲ್ಲ. ಈವರೆಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಓದಬೇಕಿತ್ತು. ಇದಕ್ಕೆ ಸಿಸ್ಟಮ್ಯಾಟಿಕ್ ರಿವ್ಯೂ ಎನ್ನುತ್ತಾರೆ. ಇದರಲ್ಲಿ ಇಬ್ಬರು ಓದಬೇಕು, ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ಕಾಣಬಾರದು. ಮೊದಲ ಓದುಗರು ಸಂಖ್ಯಾಶಾಸ್ತ್ರ ಬಲ್ಲ ಹಿರಿಯ ಸಹೋದ್ಯೋಗಿ ಮೇಡಂ. ಇಂಗ್ಲಿಷ್ ಎಂ.ಎ. ಎಂಬ ಏಕೈಕ ಅರ್ಹತೆಯ ಮೇಲೆ ಎರಡನೆಯವನು ನಾನಾದೆ.

ಯಾವ ಅಧ್ಯಯನ ಒಳಗೆ, ಯಾವುದು ಹೊರಗೆ ಎಂಬ ಮಾನದಂಡಗಳನ್ನು ಒಂದು ಲೇಖನವನ್ನೂ ತೆರೆಯುವ ಮೊದಲೇ ಬರೆದಿಟ್ಟಿದ್ದರು. ಹದಿನಾರು ವರ್ಷದೊಳಗಿನ ಮಕ್ಕಳು. ಮಾತ್ರೆ ಪಡೆದ ಗುಂಪಿಗೆ ಹೋಲಿಸಲು ಪಡೆಯದ ಗುಂಪು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿರಬೇಕು. ಮೊದಲ ಸುತ್ತಿನಲ್ಲಿ ನೋಡುವುದು ಶೀರ್ಷಿಕೆ ಮತ್ತು ಸಾರಾಂಶ ಮಾತ್ರ. ಸ್ಪಷ್ಟವಾಗಿ ಹೊಂದದ್ದನ್ನು ಬಿಡಬೇಕು, ಅನುಮಾನವಿದ್ದದ್ದನ್ನು ಮುಂದಕ್ಕೆ ಕಳುಹಿಸಬೇಕು. ಸಾರಾಂಶದಲ್ಲಿ ವಯಸ್ಸು ಹೇಳಿಲ್ಲವೆಂಬ ಮಾತ್ರಕ್ಕೆ ಒಂದು ಲೇಖನ ಇಲ್ಲಿಯೇ ಬಿದ್ದುಹೋದರೆ, ಅದನ್ನು ಮತ್ತೆ ಯಾರೂ ಎತ್ತಿ ನೋಡುವುದಿಲ್ಲ.

ಇಬ್ಬರ ಗುರುತುಗಳನ್ನು ಆಮೇಲೆ ಹೋಲಿಸುತ್ತಾರೆ. ಇಲ್ಲೊಂದು ಮೋಸ ಅಡಗಿದೆ. ನೂರು ಸಾರಾಂಶಗಳಲ್ಲಿ ನಾಲ್ಕನ್ನು ಇಬ್ಬರೂ ಒಳಗಿಟ್ಟು, ತೊಂಬತ್ತನ್ನು ಇಬ್ಬರೂ ಹೊರಗಿಟ್ಟರೆನ್ನಿ. ಮಿಕ್ಕ ಆರರಲ್ಲಿ ಮೂರು ಒಬ್ಬರಿಗೆ, ಮೂರು ಮತ್ತೊಬ್ಬರಿಗೆ ಒಪ್ಪಿಗೆ. 94 ಕಡೆ ಒಮ್ಮತ! ಆದರೆ ಹೆಚ್ಚಿನವು ಬಿಡುವಂಥವೇ ಆದಾಗ, ಇಬ್ಬರೂ ತಲಾ ಏಳನ್ನು ಕಣ್ಣುಮುಚ್ಚಿ ಆರಿಸಿದರೂ ಸುಮಾರು 87 ಕಡೆ ಒಮ್ಮತ ಬಂದೇ ಬರುತ್ತದೆ. ಉಳಿದ 13ರಲ್ಲಿ ಓದಿ ಗಳಿಸಿದ್ದು ಏಳು ಮಾತ್ರ. ಕಪ್ಪಾ ಎಂಬ ಅಳತೆ ಹೇಳುವುದು ಇದನ್ನೇ. ಈ ಲೆಕ್ಕದಲ್ಲಿ ಅದು 0.5ರ ಸುತ್ತ ನಿಲ್ಲುತ್ತದೆ. ಅದು ಕಡಿಮೆಯಾದರೆ ಓದುಗರಿಗಿಂತ ಮೊದಲು ಮಾನದಂಡದ ವಾಕ್ಯವನ್ನು ಪರೀಕ್ಷಿಸಬೇಕು. ‘ಮಕ್ಕಳಿಗೆಲ್ಲ’ ಎಂದರೆ ಊರಿನ ಎಲ್ಲ ಮಕ್ಕಳೇ, ಅಥವಾ ಹುಳುವಿದೆಯೆಂದು ಪರೀಕ್ಷೆಯಲ್ಲಿ ತಿಳಿದ ಎಲ್ಲರೇ? ನಾವು ಆ ವಾಕ್ಯವನ್ನು ತಿದ್ದಿ, ತಿದ್ದಿದ ದಿನಾಂಕ ಬರೆದು, ಹಿಂದಿನ ಸಾರಾಂಶಗಳನ್ನು ಮತ್ತೆ ಓದಿದೆವು.

ಎರಡನೆಯ ಸುತ್ತಿನಲ್ಲಿ ಪೂರ್ತಿ ಲೇಖನ. ಇಲ್ಲಿ ಬಿಟ್ಟ ಪ್ರತಿಯೊಂದಕ್ಕೂ ಕಾರಣವನ್ನು ದಾಖಲಿಸಬೇಕು. ಕಾರಣಗಳ ಕ್ರಮವೂ ಮೊದಲೇ ನಿಗದಿ, ಎಡವಿದ ಮೊದಲ ಮಾನದಂಡವನ್ನೇ ಬರೆಯುವುದು. ಕಡತದಲ್ಲಿ ಟಿಪ್ಪಣಿ ಬರೆದು ಪಳಗಿದ ಕೈಗೆ ಇದು ಕಷ್ಟವೆನಿಸಲಿಲ್ಲ. ಕಷ್ಟವಾದದ್ದು ಒಂದು ಲೇಖನ. ಅದರ ವಿಧಾನದ ಭಾಗದಲ್ಲಿ ಮಕ್ಕಳನ್ನು ಆರು ತಿಂಗಳಿಗೊಮ್ಮೆ ತೂಗಿದೆವು ಎಂದಿದೆ; ಫಲಿತಾಂಶದ ಕೋಷ್ಟಕದಲ್ಲಿ ತೂಕದ ಸುದ್ದಿಯೇ ಇಲ್ಲ. ‘ತೂಕದ ಮಾಹಿತಿ ಇಲ್ಲ, ಹೊರಗೆ’ ಎಂಬ ಟಿಪ್ಪಣಿಯೇ ಸಹಜವೆಂದು ನನ್ನ ವಾದ.

ಮೇಡಂ ಒಪ್ಪಲಿಲ್ಲ. “ತೂಗಿದವರು ಯಾಕೆ ಹೇಳಲಿಲ್ಲ, ಯೋಚಿಸಿ. ವ್ಯತ್ಯಾಸ ಕಂಡಿದ್ದರೆ ಹೇಳುತ್ತಿರಲಿಲ್ಲವೇ?” ಎಂದರು. ಏನೂ ಕಾಣದವರು ಸುಮ್ಮನಿದ್ದು, ಆ ಸುಮ್ಮನಿದ್ದವರನ್ನು ನಾವು ಹೊರಗಿಟ್ಟರೆ, ಒಳಗುಳಿಯುವವರು ಲಾಭ ಕಂಡವರೇ ಆಗುತ್ತಾರೆ. ಮಾತ್ರೆಯ ಗುಣ ಕಾಗದದ ಮೇಲೆ ಹೆಚ್ಚುತ್ತದೆ. ಆದ್ದರಿಂದ ಮಕ್ಕಳು, ಮಾತ್ರೆ, ಹೋಲಿಕೆ, ವಿಧಾನ ಹೊಂದಿದರೆ ಅಧ್ಯಯನ ಒಳಗೇ. ಎಣಿಕೆಯಲ್ಲಿ ಅದಕ್ಕೆ ಜಾಗವಿದೆ. ತೂಕದ ಕಲಂನಲ್ಲಿ ಮಾತ್ರ ‘ಅಳೆದಿದ್ದಾರೆ, ವರದಿ ಮಾಡಿಲ್ಲ’ ಎಂದು ಬರೆಯುವುದು. ಸಾಹಿತ್ಯ ಓದಿದವನಿಗೆ, ಬರೆಯದೆ ಬಿಟ್ಟದ್ದನ್ನು ಓದುವ ಈ ಪಾಠ ಹೊಸದಲ್ಲದಿದ್ದರೂ, ಅದಕ್ಕೊಂದು ಕಲಂ ಇರಬಹುದೆಂದು ತಿಳಿದದ್ದು ಆಗಲೇ.

ಅವರು ಕೊಟ್ಟ ಉದಾಹರಣೆ ಉತ್ತರ ಪ್ರದೇಶದ ಡೆವ್ಟಾ ಪ್ರಯೋಗದ್ದು. 72 ಬ್ಲಾಕುಗಳ ಅಂಗನವಾಡಿಗಳ ಮೂಲಕ ಸುಮಾರು ಹತ್ತು ಲಕ್ಷ ಪುಟ್ಟ ಮಕ್ಕಳನ್ನು ಒಳಗೊಂಡ ಪ್ರಯೋಗ. ಕೊಟ್ಟದ್ದು ಎ ಜೀವಸತ್ವ ಮತ್ತು ಅಲ್ಬೆಂಡಜೋಲ್. ಕಾಕ್ರೇನ್ ಸಂಸ್ಥೆಯ 2012ರ ಸಮೀಕ್ಷೆ, ಅದು 2005ರಲ್ಲೇ ಮುಗಿದಿದ್ದರೂ ಫಲಿತಾಂಶ ಪ್ರಕಟವಾಗಿಲ್ಲವೆಂದು ಹೆಸರೆತ್ತಿ ದಾಖಲಿಸಿತ್ತು. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಹೊರಬಂದಾಗ, ಹುಳುವಿನ ಮಾತ್ರೆಯಿಂದ ಮಕ್ಕಳ ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡಿರಲಿಲ್ಲ. ಪ್ರಕಟವಾದ ಲೇಖನಗಳನ್ನಷ್ಟೇ ಎಣಿಸುವ ಪಟ್ಟಿಯಲ್ಲಿ ಇಷ್ಟು ಮಕ್ಕಳು ಅಷ್ಟು ವರ್ಷ ಇರಲೇ ಇಲ್ಲ.

ನಮ್ಮ ಲೇಖನದ ಕರ್ತೃಗಳಿಗೆ ತೂಕದ ಅಂಕಿಗಳನ್ನು ಕೇಳಿ ಪತ್ರ ಬರೆದೆವು. ಎರಡು ಬಾರಿ ನೆನಪಿಸಿದ್ದಾಗಿದೆ. ಆ ಕಲಂನಲ್ಲಿ ಈಗ ಮೂರು ದಿನಾಂಕಗಳಿವೆ, ಉತ್ತರದ ಜಾಗ ಖಾಲಿ.