ಅಜ್ಜನ ಚಿತ್ರ, ಅಜ್ಜಿಯ ಬಳೆ

ನಮ್ಮ ಅಜ್ಜನದೆಂದು ಉಳಿದಿರುವುದು ಒಂದೇ ಒಂದು ಛಾಯಾಚಿತ್ರ. ಚಿತ್ರ ತೆಗೆಸಿಕೊಳ್ಳುವುದು ಸಲ್ಲದೆಂದು ನಂಬಿದ್ದ ಅವರು, 1958ರಲ್ಲಿ ಹಜ್ಜ್ ಯಾತ್ರೆಯ ದಾಖಲೆಗೆ ಬೇಕಾದಾಗ ಮಾತ್ರ ಮಂಗಳೂರಿನ ಸ್ಟುಡಿಯೊ ಒಂದರಲ್ಲಿ ಕುಳಿತಿದ್ದರು. ಮುಂಬಯಿಯಿಂದ ಜಿದ್ದಾಕ್ಕೆ ಯಾತ್ರಿಕರು ಹಡಗಿನಲ್ಲಿ ಹೋಗುತ್ತಿದ್ದ ಕಾಲವದು.

ಮನೆಯ ಕಿರಿಯರಿಗಾಗಿ ಆ ಚಿತ್ರದ ಕುರಿತು ಏನನ್ನಾದರೂ ಬರೆದಿಡೋಣವೆಂದು ನಾವು ಒಡಹುಟ್ಟಿದವರು ಕುಳಿತೆವು. ಮೊದಲ ಬರಹದಲ್ಲಿ ಬಿಳಿ ಮುಂಡಾಸು, ಗಡ್ಡ, ಬೆನ್ನ ಹಿಂದಿನ ಮಾಸಿದ ಪರದೆ ಎಲ್ಲವೂ ಬಂದವು. ಕಣ್ಣುಗಳಲ್ಲಿ ಕಅಬಾದ ಹಂಬಲ ತುಂಬಿದೆಯೆಂದೂ ಬರೆದೆವು. ಓದಿ ನೋಡಿದಾಗ ನಾಚಿಕೆಯಾಯಿತು. ಅಲುಗಾಡಬೇಡಿ ಎಂದು ಛಾಯಾಗ್ರಾಹಕ ಹೇಳಿದರೆ ಯಾರ ಮುಖವಾದರೂ ಹಾಗೆಯೇ ಬಿಗಿಯುತ್ತದೆ. ಹಂಬಲವನ್ನು ಅಲ್ಲಿ ತಂದಿಟ್ಟವರು ನಾವು. ಮುಂಡಾಸು, ಪರದೆಗಳನ್ನಂತೂ ಚಿತ್ರ ನೋಡುವವರು ತಾವೇ ಕಾಣಬಲ್ಲರು.

ಆ ಹಾಳೆಯನ್ನು ಬದಿಗಿಟ್ಟು, ಚಿತ್ರ ಉತ್ತರಿಸಲಾರದ ಪ್ರಶ್ನೆಯೊಂದನ್ನು ಹಿರಿಯರ ಮುಂದಿಟ್ಟೆವು: ಈ ಯಾತ್ರೆಗೆ ಹಣ ಎಲ್ಲಿಂದ ಬಂತು?

ಅಜ್ಜಿಯ ನಾಲ್ಕು ಬಳೆಗಳಿಂದ ಎಂದರು ಉಮ್ಮ. ಅಜ್ಜಿ ಅವನ್ನು ಸಂತೋಷದಿಂದಲೇ ಬಿಚ್ಚಿಕೊಟ್ಟರಂತೆ. ದೊಡ್ಡಮ್ಮ ಒಪ್ಪಲಿಲ್ಲ. "ಅದು ಕೊಟ್ಟದ್ದಲ್ಲ, ಸಾಲ. ನಾನು ಹೋಗುವ ಕಾಲಕ್ಕೆ ಹಿಂದೆ ಬರಬೇಕೆಂದು ಉಮ್ಮ ನನ್ನ ಬಳಿ ಹೇಳಿದ್ದರು" ಎಂದರು. ಬಳೆಗಳು ಮರಳಲಿಲ್ಲ. ಅಜ್ಜಿ ಹಜ್ಜ್ ಮಾಡದೆಯೇ ತೀರಿಕೊಂಡರು. ಅವರ ಚಿತ್ರ ನಮ್ಮಲ್ಲಿ ಒಂದೂ ಇಲ್ಲ.

ನಮ್ಮ ಬರಹ ನಿಜವಾಗಿ ಆರಂಭವಾದುದು ಅಲ್ಲಿಂದ; ನಿಂತದ್ದೂ ಅಲ್ಲಿಯೇ. ಅಗಲಿದವರನ್ನು ನಿಂದಿಸಬಾರದೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ. ಅಜ್ಜನನ್ನು ಆರೋಪಿಯಾಗಿ ನಿಲ್ಲಿಸುವ ಹಕ್ಕು ನಮಗಿಲ್ಲ, ಸಾಕ್ಷಿಯೂ ಇಲ್ಲ. ಆದರೆ ಹೆಂಡತಿಯ ಚಿನ್ನ ಶರೀಅತ್‌ನಲ್ಲಿ ಅವಳದೇ ಸೊತ್ತು. ಅವಳು ಮನಸಾರೆ ದಾನವಾಗಿ ಕೊಟ್ಟರೆ ಅದು ಗಂಡನದಾಗುತ್ತದೆ, ಸಾಲವಾಗಿ ಕೊಟ್ಟರೆ ಅದು ಋಣ. ಎರಡರಲ್ಲಿ ಯಾವುದೆಂದು ಇಂದು ತೀರ್ಮಾನಿಸಲಾಗದು. ಆದುದರಿಂದ ಇಬ್ಬರ ಮಾತನ್ನೂ ಹೇಳಿದಂತೆಯೇ ಬರೆದೆವು. (ಉಮ್ಮನಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ.)

ಹಜ್ಜ್‌ನ ಹರಕೆ ಹೊತ್ತು, ಅದನ್ನು ಪೂರೈಸದೆ ಮರಣ ಹೊಂದಿದ ತಾಯಿಯ ಪರವಾಗಿ ತಾನು ಹಜ್ಜ್ ಮಾಡಬಹುದೇ ಎಂದು ಜುಹೈನಾ ಗೋತ್ರದ ಸ್ತ್ರೀಯೊಬ್ಬರು ಕೇಳಿದಾಗ, ಪ್ರವಾದಿ(ಸ)ರು ಅದನ್ನು ತಾಯಿಯ ಸಾಲ ತೀರಿಸುವುದಕ್ಕೆ ಹೋಲಿಸಿ ಅನುಮತಿಸಿದರು. ಬದಲಿ ಹಜ್ಜ್‌ಗೆ ಹೋಗುವವನು ಮೊದಲು ತನ್ನ ಹಜ್ಜ್ ಪೂರೈಸಿರಬೇಕು. ನಮ್ಮಲ್ಲಿ ಪೂರೈಸಿದವರು ಹಿರಿಯಣ್ಣ ಮಾತ್ರ. ನಾಲ್ಕು ಬಳೆಗಳ ಇಂದಿನ ಬೆಲೆಯನ್ನು ಲೆಕ್ಕಹಾಕಿ, ಎಲ್ಲರೂ ಸೇರಿ ಆ ಮೊತ್ತವನ್ನು ಕೂಡಿಸತೊಡಗಿದ್ದೇವೆ.

ಅರ್ಜಿಗೆ ಅಂಟಿಸುವುದು ಅಣ್ಣನ ಚಿತ್ರವನ್ನೇ. ಇಹ್ರಾಮ್ ಕಟ್ಟುವಾಗ ಸಂಕಲ್ಪದಲ್ಲಿ ಅಜ್ಜಿಯ ಹೆಸರಿರುತ್ತದೆ.