ಅತ್ತಿಯವರ ರಂಜಕ, ಮಗಳ ಫೋನು

ನಮ್ಮ ಅತ್ತಿಯವರು ಹೋಗಿ ಬರೋ ಶ್ರಾವಣಕ್ಕ ಎರಡು ವರ್ಷ ಆಗತದ. ಅವರ ಕೈಯಿನ ರಂಜಕ ಅಂದ್ರ ಓಣಿಯವರು ಬಟ್ಟಲಾ ಹಿಡಕೊಂಡು ಬರತಿದ್ರು. ಅವರು ರಂಜಕ ರುಬ್ಬೋದು ಈಗ ಒಂದು ನಿಮಿಷದ ವಿಡಿಯೋದಾಗ ಅಷ್ಟ ಉಳದದ. ಒರಳಿನ ಮುಂದ ಕೂತು, ಹಣ್ಣ ಮೆಣಸಿನಕಾಯಿ, ಬಳ್ಳೊಳ್ಳಿ ಹಾಕಿ ರುಬ್ಬಿಕೋತ, "ಉಪ್ಪು ಅಳತಿ ಕೇಳಬ್ಯಾಡ್ರಿ, ಕೈಗೆ ಗೊತ್ತಿರತದ. ಕಡಿಮಿ ಬಿತ್ತಂದ್ರ ಬೂಷ್ಟು ಹಿಡೀತದ" ಅಂತಾರ.

ಅದನ್ನ ನಮ್ಮ ಮಗಳು ಹುಡುಗಾಟಕ್ಕ ಇನ್‌ಸ್ಟಾಗ್ರಾಮಿನ ಸ್ಟೋರಿಗೆ ಹಾಕಿದ್ದಳು. ಸ್ಟೋರಿ ಅಂದ್ರ 24 ತಾಸಿಂದು. ಇವತ್ತ ಮಧ್ಯಾಹ್ನ ಹಾಕಿದ್ರ ನಾಳೆ ಮಧ್ಯಾಹ್ನಕ್ಕ ಯಾರಿಗೂ ಕಾಣೂದಿಲ್ಲ. ಆವಾಗ ಯಾರೂ ತಲಿ ಕೆಡಿಸಿಕೊಳ್ಳಲಿಲ್ಲ, ಅತ್ತಿಯವರು ಅಡಗಿಮನಿಯೊಳಗ ಇದ್ರಲ್ಲ.

ಅವರು ಹೋದ ಮ್ಯಾಲೆ, ಹದಿಮೂರನೇ ದಿನ ಮುಗದು ಮನಿ ಖಾಲಿ ಆದಾಗ, ನಮ್ಮ ಮಾವನೋರು ಕೇಳಿದ್ರು, "ಆ ಖಾರಾ ರುಬ್ಬೋದು ತೋರಿಸಿದ್ದೆಲ್ಲವಾ, ಅದು ಅದ ಏನು?" ಮಗಳು ಫೋನಿನ ಗ್ಯಾಲರಿ ಎಲ್ಲಾ ಹುಡುಕಿದಳು. ಇಲ್ಲ. ಆ್ಯಪಿನೊಳಗಿನ ಕ್ಯಾಮೆರಾದಾಗ ತಗದು ಹಂಗ ಹಾಕಿದ್ದಳು, ಫೋನಿನೊಳಗ ಪ್ರತಿನೇ ಉಳದಿರಲಿಲ್ಲ. ಅವಳ ಮಾರಿ ನೋಡಿ ನನಗ ಹೊಟ್ಟ್ಯಾಗ ಕಲಸಿದಂಗಾತು.

ಆಮ್ಯಾಲೆ ಅವಳಿಗೇ ನೆನಪಾತು, ಆರ್ಕೈವ್ ಅಂತ ಒಂದದ. ಮಂದಿ ಕಣ್ಣಿಗೆ ಮರೆಯಾದ ಸ್ಟೋರಿ ಅಲ್ಲಿ ಹೋಗಿ ಕೂಡತದ. ಅದು ಹಾಕಿದವರಿಗೆ ಮಾತ್ರ ಕಾಣೂದು, ಅಟ್ಟದ ಮ್ಯಾಲಿನ ಟ್ರಂಕ್ ಇದ್ದಂಗ. ಆದ್ರ ಸ್ಟೋರಿ ಹಾಕೋ ಹೊತ್ತಿನಾಗ "Save story to archive" ಅನ್ನೋದು ಚಾಲೂ ಇರಬೇಕು. ಬಂದ್ ಇದ್ರ ಅಲ್ಲೂ ಸಿಗೂದಿಲ್ಲ. ಅವಳದು ಚಾಲೂ ಇತ್ತು, ಪುಣ್ಯಾ. ತಾರೀಖು ನೋಡಿಕೋತ ಹಿಂದಕ ಹೋದ್ರ, ಅತ್ತಿಯವರು ಒರಳಿನ ಮುಂದ ಕೂತಾರ.

ಅಲ್ಲಿಂದ ಅದನ್ನ ಹೈಲೈಟ್ ಮಾಡಿದಳು. ಪ್ರೊಫೈಲಿನೊಳಗ ಹೆಸರು, ಪರಿಚಯದ ಕೆಳಗ ಸಣ್ಣ ಸಣ್ಣ ಗುಂಡನ ಬಿಲ್ಲೆ ಇರತಾವಲ್ಲ, ಅವೇ ಹೈಲೈಟು. ಸ್ಟೋರಿ ಬಂದದ್ದು 2016ರಾಗ, ಈ ಬಿಲ್ಲೆ ಬಂದದ್ದು 2017ರ ಕಡೀಕ. ನಾವಾಗಿ ತಗಿಯೋತನಕ ಅವು ಅಲ್ಲೇ ಇರತಾವು. ಬಿಲ್ಲೆಗೆ "ಅಜ್ಜಿ" ಅಂತ ಹೆಸರಿಟ್ಟಳು. ಪುಣೇದಾಗಿರೋ ನಮ್ಮ ನಾದಿನಿನೂ ನೋಡಿ ಫೋನ್ ಮಾಡಿ ಅತ್ತಳು.

ಇಲ್ಲಿಗೆ ಮುಗದಿದ್ರ ನಾ ಬರೀತಿರಲಿಲ್ಲ. ಹೋದ ಯುಗಾದಿ ಮುಂದ ಮಗಳು, "ಆರ್ಕೈವಿನಾಗ ಭಾಳ ಕಸ ಆಗೇದ" ಅಂತ ಹಳೇವೆಲ್ಲಾ ಸಾಲಾಗಿ ಅಳಿಸಿದಳು. ಅಜ್ಜಿದು ಹೈಲೈಟಿನಾಗ ಬ್ಯಾರೆ ಅದಲ್ಲ ಅಂತ ಅವಳ ಲೆಕ್ಕ. ನನಗೂ ಹಂಗ ಅನಿಸ್ತಿತ್ತು, ಡಬ್ಬಿಯೊಳಗಿನ ಹಿಟ್ಟು ಪಾತೇಲಿಗೆ ಸುರದ ಮ್ಯಾಲೆ ಡಬ್ಬಿ ತೊಳದ್ರ ಏನಾಗತದ? ಆದ್ರ ಇದು ಹಂಗಲ್ಲ. ಬಿಲ್ಲೆಯೊಳಗ ಎರಡನೇ ಪ್ರತಿ ಇರೂದಿಲ್ಲ. ಆರ್ಕೈವಿನಾಗಿನ ಸ್ಟೋರಿನೇ ಬಿಲ್ಲೆಯೊಳಗಿಂದ ಇಣಕತಿರತದ. ಬಿಲ್ಲೆಯಿಂದ ತಗದ್ರ ಆರ್ಕೈವಿನಾಗ ಉಳೀತದ. ಆರ್ಕೈವಿನಾಗ ಅಳಿಸಿದ್ರ ಬಿಲ್ಲೆಯೊಳಗಿಂದೂ ಹೋಗತದ. ಒಳಗ ಒಂದೇ ಸ್ಟೋರಿ ಇದ್ದದ್ದಕ್ಕ "ಅಜ್ಜಿ" ಬಿಲ್ಲೆನೇ ಮಾಯ ಆತು.

ಗೊತ್ತಾದದ್ದು ಮೂರು ದಿನ ಆದ ಮ್ಯಾಲೆ, ಅದೂ ನಾದಿನಿ ಫೋನ್ ಮಾಡಿದಾಗ. "ಅವ್ವಂದು ಯಾಕ ತಗದ್ರಿ ವೈನಿ?" ಅಂದಳು. ದನಿ ಸೆಟಗೊಂಡಿತ್ತು. ನಾ ಏನಂತ ಹೇಳಲಿ! ಮಗಳು ನಡಗೋ ಕೈಲೆ ಸೆಟ್ಟಿಂಗ್ ಎಲ್ಲಾ ತಿರುವಿ, "Recently deleted" ಅನ್ನೋದರಾಗ ನೋಡಿದಳು. ಇತ್ತು. ಆರ್ಕೈವಿನಿಂದ ಅಳಿಸಿದ್ದು ಅಲ್ಲಿ 30 ದಿನ ಇರತದಂತ, ಅದು ದಾಟಿದ್ರ ಕಾಯಂ ಹೋತು. ವಾಪಸ್ ತಂದು, ಈ ಸಲ ಮೊದಲ ಫೋನಿಗೆ ಇಳಿಸಿಕೊಂಡಳು. ನನಗ ಕಳಿಸಿದಳು, ಅತ್ಯಾಗ ಕಳಿಸಿದಳು, ಒಂದು ಪೆನ್‌ಡ್ರೈವಿಗೂ ಹಾಕಿದಳು. ಬಿಲ್ಲೆ ಮಾಡಿದ್ದು ಕಡೀಕ.

ಸ್ಟೋರಿ ಯಾರು ಯಾರು ನೋಡಿದ್ರು ಅನ್ನೋ ಪಟ್ಟಿ 48 ತಾಸು ಅಷ್ಟ ಕಾಣತದ. ಹಳೇ ಸ್ಟೋರಿ ಬಿಲ್ಲೆಯೊಳಗಿದ್ರೂ ಆಮ್ಯಾಲೆ ನೋಡಿದವರ ಹೆಸರು ತಿಳೀಯೂದಿಲ್ಲ. ನಮ್ಮ ಮಾವನೋರು ನೋಡತಾರೋ ಇಲ್ಲೋ ಅಂತ ನನಗ ಪಟ್ಟಿ ಬೇಕಾಗಿಲ್ಲ ಬಿಡ್ರಿ. ರಾತ್ರಿ ಊಟ ಆಗಿ ಖೋಲಿ ಬಾಗಲಾ ಮುಂದ ಮಾಡಿಕೊಂಡ ಮ್ಯಾಲೆ, ಒಳಗಿಂದ ಸಣ್ಣಗ ಒರಳಿನ ಸಪ್ಪಳ ಬರತದ. ಆಮ್ಯಾಲೆ, "ಕೈಗೆ ಗೊತ್ತಿರತದ."