ಕಾಚಿಗುಡದ ಜಗಲಿಯಲ್ಲಿ ಹರಿಶ್ಚಂದ್ರ

ಕಾಚಿಗುಡದ ನಮ್ಮ ಬಾಡಿಗೆ ಮನೆಗೆ ಒಂದು ಉದ್ದನೆಯ ಜಗಲಿಯಿತ್ತು. ರೈಲಿನ ಕೂಗು ಅಲ್ಲಿಗೆ ಚೆನ್ನಾಗಿ ಕೇಳಿಸುತ್ತಿತ್ತು. ಶ್ರಾವಣ ಬಂತೆಂದರೆ ಸಂಜೆ ದೀಪ ಹಚ್ಚಿದ ಮೇಲೆ ಅಜ್ಜ ಅಲ್ಲಿ ಚಾಪೆ ಹಾಸಿಕೊಂಡು ಕೂತು, ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ರಾಗವಾಗಿ ಓದುತ್ತಿದ್ದರು. ಒಂದು ಷಟ್ಪದಿ ಹಾಡುವುದು, ಕನ್ನಡಕ ಹಣೆಗೇರಿಸುವುದು, ಕಲಬುರಗಿ ಮಾತಿನಲ್ಲಿ ಅರ್ಥ ಹೇಳುವುದು, ಮತ್ತೆ ಕನ್ನಡಕ ಇಳಿಸಿ ಮುಂದಿನ ಪದ್ಯಕ್ಕೆ ಹೋಗುವುದು. ಗಮಕಕ್ಕೆ ಇಬ್ಬರು ಬೇಕು, ಒಬ್ಬರು ವಾಚನಕ್ಕೆ, ಒಬ್ಬರು ವ್ಯಾಖ್ಯಾನಕ್ಕೆ. ನಮ್ಮ ಮನೆಯಲ್ಲಿ ಎರಡೂ ಅಜ್ಜನೇ.

ಕೇಳುವವರು ನಾನು, ಅಕ್ಕ, ಅವ್ವ, ಮತ್ತೆ ಪಕ್ಕದ ಮನೆಯ ತೆಲುಗು ಮಾಸ್ಟಾರು. ಮಾಸ್ಟಾರಿಗೆ ಹಳಗನ್ನಡ ಬಾರದು, ಆದರೆ ಹರಿಶ್ಚಂದ್ರ ಬಾರದ ತೆಲುಗರುಂಟೆ? ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಅವರ ನಾಟಕದ ಪದ್ಯಗಳೆಲ್ಲ ಅವರ ನಾಲಿಗೆಯ ಮೇಲೆ. ಅಜ್ಜ ಒಂದು ಸನ್ನಿವೇಶ ಮುಗಿಸಿದರೆ ಮಾಸ್ಟಾರು ಅದೇ ಸನ್ನಿವೇಶದ ತೆಲುಗು ಪದ್ಯ ಎತ್ತುತ್ತಿದ್ದರು. ರಾಜ ಒಬ್ಬನೇ, ಭಾಷೆ ಎರಡು. ಅವ್ವ ಒಲೆಯ ಮೇಲಿನ ಅನ್ನ ಮರೆತು ಕೂತ ಸಂಜೆಗಳು ಎಷ್ಟೋ.

ಚಿಕ್ಕಂದಿನಲ್ಲಿ ನನಗೆ ಒಂದು ವಿಷಯ ಅರ್ಥವಾಗುತ್ತಿರಲಿಲ್ಲ. ಸಿಂಹಾಸನ ಬಿಡುವುದೇ ಕತೆಯ ದೊಡ್ಡ ಘಟನೆಯಲ್ಲವೆ? ಅಜ್ಜ ಅದನ್ನು ಒಂದೇ ಸಂಜೆಯಲ್ಲಿ ಮುಗಿಸಿಬಿಡುತ್ತಿದ್ದರು. ಆಮೇಲಿನದಕ್ಕೆ ವಾರಗಟ್ಟಲೆ. "ರಾಜ್ಯ ಕೊಡೋದು ಒಂದು ಮಾತಿನ ಕೆಲಸ ತಮ್ಮಾ, ಸಾಲ ತೀರಿಸೋದು ಹಂಗಲ್ಲ" ಅನ್ನುತ್ತಿದ್ದರು.

ಆ ಸಾಲದ ಲೆಕ್ಕವನ್ನು ರಾಘವಾಂಕ ಕಟ್ಟಿದ ರೀತಿ ದೊಡ್ಡವನಾದ ಮೇಲೆ ನನಗೆ ಹೊಳೆಯಿತು. ಇಂದ್ರನ ಸಭೆಯಲ್ಲಿ ವಸಿಷ್ಠ ವಿಶ್ವಾಮಿತ್ರರಿಗೆ ಪಂಥ ಬೀಳುತ್ತದೆ. ಹರಿಶ್ಚಂದ್ರನಿಗೆ ಅದರ ಸುಳಿವೇ ಇಲ್ಲ. ವಿಶ್ವಾಮಿತ್ರ ಅವನ ಯಾಗಕ್ಕೆ ಬಂದು ಹೊನ್ನು ಬೇಡುತ್ತಾನೆ. ಬಲಶಾಲಿಯೊಬ್ಬ ಆನೆಯ ಮೇಲೆ ನಿಂತು ಮೇಲಕ್ಕೆ ಎಸೆದದ್ದು ಎಷ್ಟೆತ್ತರ ಹೋಗುತ್ತದೋ ಅಷ್ಟೆತ್ತರದ ರಾಶಿ. ರಾಜ ಆಗಲಿ ಅನ್ನುತ್ತಾನೆ. ಋಷಿ ಅದನ್ನು ಒಯ್ಯುವುದಿಲ್ಲ, ನಿನ್ನಲ್ಲೇ ಇರಲಿ, ಬೇಕಾದಾಗ ಕೇಳುತ್ತೇನೆ ಎಂದು ಬಿಟ್ಟುಹೋಗುತ್ತಾನೆ. ಗಂಟು ಬಿದ್ದದ್ದು ಅಲ್ಲಿ. ಮುಂದೆ ರಾಜ್ಯವನ್ನು ಇದ್ದಬದ್ದದ್ದೆಲ್ಲ ಸಮೇತ ಧಾರೆಯೆರೆದು ಕೊಟ್ಟ ಮೇಲೆ ವಿಶ್ವಾಮಿತ್ರ ಆ ಹಳೆಯ ಹೊನ್ನನ್ನು ಕೇಳುತ್ತಾನೆ. ಖಜಾನೆಯಲ್ಲೇ ಇದೆ ಅನ್ನೋಣವೆಂದರೆ ಖಜಾನೆಯೂ ಈಗ ಋಷಿಯದು. ಹೊಸದಾಗಿ ದುಡಿದೇ ತೀರಿಸಬೇಕು. ಗಡುವು ಕೊಟ್ಟು, ವಸೂಲಿಗೆ ನಕ್ಷತ್ರಿಕನನ್ನು ಬೆನ್ನಿಗೆ ಕಟ್ಟುತ್ತಾನೆ. ಕಾಶಿಯ ಬೀದಿಯಲ್ಲಿ ಹೆಂಡತಿ ಮಗ ಬ್ರಾಹ್ಮಣನೊಬ್ಬನಿಗೆ ಮಾರಾಟವಾಗುತ್ತಾರೆ, ರಾಜ ತನ್ನನ್ನೇ ಸುಡುಗಾಡಿನ ಒಡೆಯ ವೀರಬಾಹುವಿಗೆ ಮಾರಿಕೊಳ್ಳುತ್ತಾನೆ.

ನಕ್ಷತ್ರಿಕ ಬಂದಾಗಲೆಲ್ಲ ಅವ್ವ ನಗುತ್ತಿದ್ದಳು. ತಿಂಗಳ ಮೊದಲ ವಾರ ಬಾಗಿಲಿಗೆ ಬಂದು ಕೂರುತ್ತಿದ್ದ ಚೀಟಿ ಹಣದವನಿಗೆ ನಮ್ಮ ಮನೆಯಲ್ಲಿ ಅದೇ ಹೆಸರು. ಮಾಸ್ಟಾರ ಮನೆಯಲ್ಲೂ ಅದೇ. ಕಾಡುವವನನ್ನು ನಕ್ಷತ್ರಿಕ ಎನ್ನುವುದು ಎರಡೂ ಭಾಷೆಗಳ ರೂಢಿ.

ರಾಜ್ಯ ಹೋದ ಕಾರಣದ ಭಾಗ ಬಂದ ಸಂಜೆ ಮಾತ್ರ ನಮ್ಮ ಜಗಲಿ ಬೇರೆಯಾಯಿತು. ಬೇಟೆಯಲ್ಲಿ ದಣಿದ ಹರಿಶ್ಚಂದ್ರನ ಮುಂದೆ ಇಬ್ಬರು ಹೆಣ್ಣುಮಕ್ಕಳು ಬಂದು ಹಾಡುತ್ತಾರೆ. ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದವರು, ಕುಲದಲ್ಲಿ ಹೊಲತಿಯರು. ರಾಜ ಮೆಚ್ಚಿ ಆಭರಣ ಕೊಡುತ್ತಾನೆ. ಅವರು ಬೇಡ ಅನ್ನುತ್ತಾರೆ, ಬೆಳ್ಗೊಡೆ ಕೇಳುತ್ತಾರೆ. ಅದು ವಂಶದ ಗುರುತು, ಕೊಡಲಾಗದು. ಹಾಗಾದರೆ ನಮ್ಮನ್ನು ಮದುವೆಯಾಗು ಅನ್ನುತ್ತಾರೆ. ರಾಜ ಸಿಡಿಮಿಡಿಗೊಳ್ಳುತ್ತಾನೆ. ಆಗ ಆ ಹುಡುಗಿಯರು ವಾದ ಹೂಡುತ್ತಾರೆ. ನಮ್ಮ ಹಾಡು ಕೇಳಿದ ಕಿವಿ ಮೈಲಿಗೆಯಾಗಲಿಲ್ಲ, ನೋಡಿದ ಕಣ್ಣು ಆಗಲಿಲ್ಲ, ಮಾತಾಡಿದ ಬಾಯಿ ಆಗಲಿಲ್ಲ, ನಮ್ಮ ಮೈಗಂಧ ಸೋಕಿದ ಮೂಗು ಆಗಲಿಲ್ಲ, ಮುಟ್ಟಿದರೆ ಮಾತ್ರ ಕೆಡುತ್ತೀಯಾ, ಐದು ಇಂದ್ರಿಯಗಳಲ್ಲಿ ನಾಲ್ಕು ಅಧಮ, ಒಂದೇ ಶ್ರೇಷ್ಠವೇ ಎಂದು. ರಾಜನ ಬಳಿ ಉತ್ತರವಿಲ್ಲ, ಅವರನ್ನು ಹೊಡೆದೋಡಿಸುತ್ತಾನೆ. ವಿಶ್ವಾಮಿತ್ರ ಎದುರು ಬಂದು ಮದುವೆಗೆ ಪಟ್ಟು ಹಿಡಿದಾಗ, ರಾಜ್ಯವನ್ನಾದರೂ ಕೊಟ್ಟೇನು ಅನ್ನುತ್ತಾನೆ. ಆ ಮಾತೇ ಅವನನ್ನು ಕಟ್ಟಿಹಾಕಿತು.

ಅಕ್ಕನಿಗೆ ಆಗ ಹದಿಮೂರು ಇದ್ದೀತು. "ಅಜ್ಜಾ, ಆ ಹುಡುಗಿಯರು ಕೇಳಿದ್ದು ಸರಿ ಅಲ್ಲೇನು?" ಅಂದಳು.

ಅಜ್ಜ ಕನ್ನಡಕ ತೆಗೆದರು. ಪಂಚೆಯ ಅಂಚಿನಿಂದ ಒರೆಸಿದರು. ರೈಲೊಂದು ಬಂತು, ಹೋಯಿತು. "ಖರೇ ಅದವ್ವಾ," ಅಂದರು. "ಅದಕ್ಕೇ ಕವಿ ಅವನನ್ನ ಕಡೀಗೆ ವೀರಬಾಹುನ ಬಾಗಿಲಿಗೇ ತಂದು ನಿಲ್ಲಿಸ್ತಾನ. ಯಾರನ್ನ ಮುಟ್ಟಲ್ಲ ಅಂದನೋ ಅವರ ಕೂಳು ಉಂಡ."

ಹರಿಶ್ಚಂದ್ರನೆಂದರೆ ಒಂದು ಕಳಂಕವೂ ಇಲ್ಲದ ಮನುಷ್ಯ ಎಂದುಕೊಂಡಿದ್ದ ನನಗೆ ಆ ಸಂಜೆ ನೆಲ ಸ್ವಲ್ಪ ಅಲ್ಲಾಡಿತು. ಅಜ್ಜ ಅಲ್ಲಿಗೇ ನಿಲ್ಲಲಿಲ್ಲ. ಇನ್ನೂ ಹಳೆಯ ಕತೆಯೊಂದಿದೆ, ಐತರೇಯ ಬ್ರಾಹ್ಮಣದ್ದು ಅಂದರು. ಅಲ್ಲಿನ ಹರಿಶ್ಚಂದ್ರ ಮಗ ಹುಟ್ಟಿದರೆ ನಿನಗೇ ಬಲಿಕೊಡುತ್ತೇನೆ ಎಂದು ವರುಣನಿಗೆ ಮಾತುಕೊಟ್ಟು, ಹತ್ತು ದಿನ ಕಳೆಯಲಿ, ಹಲ್ಲು ಬರಲಿ, ಹಾಲುಹಲ್ಲು ಬೀಳಲಿ, ಮತ್ತೆ ಹುಟ್ಟಲಿ, ಆಯುಧ ಹಿಡಿಯುವ ವಯಸ್ಸಾಗಲಿ ಎಂದು ಮುಂದೂಡುತ್ತಲೇ ಹೋದವನು. ಮಗನನ್ನು ಕೊಡಲಾರದ ತಂದೆ. ಆ ತಂದೆಯ ಹೆಸರನ್ನೇ ಮುಂದಿನವರು ಸತ್ಯದ ಹೆಸರಾಗಿ ಮಾಡಿಕೊಂಡರಲ್ಲ, ಅದು ನನಗೆ ಇಂದಿಗೂ ಬೆರಗು. ಮಾತು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ಗೊತ್ತಿದ್ದ ಜನ ಈ ಕತೆಯನ್ನು ಬೆಳೆಸಿದ್ದಾರೆ. ಚಿಕ್ಕ ಹುಡುಗನಾಗಿದ್ದ ಗಾಂಧೀಜಿ ಹರಿಶ್ಚಂದ್ರ ನಾಟಕ ನೋಡಿ, ಅದನ್ನು ಮನಸ್ಸಿನಲ್ಲೇ ಲೆಕ್ಕವಿಲ್ಲದಷ್ಟು ಸಲ ಆಡಿಕೊಂಡು ಅತ್ತಿದ್ದಾಗಿ ಆತ್ಮಕತೆಯಲ್ಲಿ ಬರೆದಿದ್ದಾರೆ.

ಅಳು ಅಂದರೆ ಕಾಟಿ ಸೀನು. ತೆಲುಗಿನಲ್ಲಿ ಸುಡುಗಾಡಿನ ದೃಶ್ಯಕ್ಕೆ ಹಾಗೇ ಹೆಸರು. ಮಾಸ್ಟಾರು ನಮ್ಮನ್ನೊಮ್ಮೆ ರಾತ್ರಿಯಿಡೀ ನಡೆಯುವ ಪದ್ಯನಾಟಕಕ್ಕೆ ಕರೆದೊಯ್ದಿದ್ದರು. ಅಲ್ಲಿ ಒಂದೇ ರಾತ್ರಿ ಮೂವರು ಹರಿಶ್ಚಂದ್ರರು: ಸಭೆಗೊಬ್ಬ, ಕಾಶಿಗೊಬ್ಬ, ಕಾಟಿ ಸೀನಿಗೆ ಎಲ್ಲರಿಗಿಂತ ದೊಡ್ಡ ಹಾಡುಗಾರ. ಎಷ್ಟು ಒಳ್ಳೆಯ ಗಂಟಲಿದ್ದರೂ ಒಬ್ಬನಿಂದ ಅಷ್ಟು ಹಾಡಲಾಗದು. ಒಂದು ಪದ್ಯಕ್ಕೆ ಜನ "ಒನ್ಸ್ ಮೋರ್" ಎಂದು ಕೂಗಿದರು. ಹೆಗಲ ಮೇಲೆ ಕೋಲು, ಕೈಯಲ್ಲಿ ಮಡಕೆ ಹಿಡಿದ ಆ ನಟ ಹಾರ್ಮೋನಿಯಂ ಕಡೆ ತಿರುಗಿ ಅದನ್ನೇ ಮತ್ತೆ ಎತ್ತಿದ. ಆ ಸುಡುಗಾಡಿನ ಪದ್ಯಗಳು ಗುರ್ರಂ ಜಾಷುವಾ ಅವರವು ಎಂದು ಮಾಸ್ಟಾರು ಕಿವಿಯಲ್ಲಿ ಹೇಳಿದರು. ಬೇರೆಯಾಗಿ ಬರೆದ ಪದ್ಯಗಳು, ನಟರು ಅವನ್ನು ನಾಟಕಕ್ಕೆ ತಂದುಕೊಂಡಿದ್ದರು. ಜಾಷುವಾ ಅಸ್ಪೃಶ್ಯತೆಯನ್ನು ಉಂಡು ಬೆಳೆದ ಕವಿ. ಅಕ್ಕ ಅಜ್ಜನ ಕೈ ಹಿಡಿದು, "ಆ ಹುಡುಗಿಯರ ಕಡೆಯವರು ಬಂದರಲ್ಲ" ಅಂದಳು.

ಮಗನ ಹೆಣ ಹೊತ್ತು ಬಂದ ಚಂದ್ರಮತಿಯನ್ನು ಹರಿಶ್ಚಂದ್ರ ಸುಂಕ ಕೇಳುತ್ತಾನೆ. ತಾಳಿಯಿಂದ ಹೆಂಡತಿಯೆಂದು ತಿಳಿಯುತ್ತದೆ. ತಿಳಿದ ಮೇಲೂ ಕೇಳುತ್ತಾನೆ, ಏಕೆಂದರೆ ಆ ಸುಂಕ ಅವನದಲ್ಲ, ಒಡೆಯನದು. ಬಿಟ್ಟುಕೊಡುವ ಹಕ್ಕು ಅವನಿಗಿಲ್ಲ. ಅಯೋಧ್ಯೆಯನ್ನು ಕೊಟ್ಟದ್ದಕ್ಕೆ ಯಾರೂ ಅಳಲಿಲ್ಲ. ಒಂದು ಹೆಣದ ಸುಂಕಕ್ಕೆ ಇಡೀ ಪೆಂಡಾಲು ಬಿಕ್ಕುತ್ತಿತ್ತು, ಮುಂದಿನ ಸಾಲಿನ ರಿಕ್ಷಾದವರು ಟವಲು ಕಣ್ಣಿಗೆ ಒತ್ತಿಕೊಂಡಿದ್ದರು. ರಾಜ್ಯ ಇದ್ದವರು ಅಲ್ಲಿ ಯಾರಿದ್ದರು? ಒಡೆಯನ ದುಡ್ಡು ಕೈಯಲ್ಲಿ ಹಿಡಿದು, ಮನೆಯಲ್ಲಿ ಕಾಯಿಲೆ ಬಿದ್ದ ಮಗುವನ್ನು ನೆನೆದವರು ಬಹಳ ಮಂದಿ ಇದ್ದರು.

ಬೆಳಗಿನ ಜಾವ ನಡೆದೇ ಮನೆಗೆ ಬಂದೆವು. ದಾರಿಯ ಇರಾನಿ ಹೋಟೆಲು ಆಗಷ್ಟೇ ಬಾಗಿಲು ತೆಗೆದಿತ್ತು. ಮಾಸ್ಟಾರು ಎಲ್ಲರಿಗೂ ಚಹಾ ಕೊಡಿಸಿದರು, ಸಾಸರಿಗೆ ಸುರಿದುಕೊಂಡು ಕುಡಿದೆವು. ಅಜ್ಜ ಒಂದೂ ಮಾತಾಡಲಿಲ್ಲ.

ಮರುವರ್ಷದ ಶ್ರಾವಣದಲ್ಲಿ ಆ ಹುಡುಗಿಯರ ಪದ್ಯ ಬಂದಾಗ ಅಜ್ಜ ಹಾಡುವುದನ್ನು ನಿಲ್ಲಿಸಿ ಪುಸ್ತಕವನ್ನು ಅಕ್ಕನ ಮಡಿಲಿಗೆ ಇಟ್ಟರು. "ಇದನ್ನ ನೀ ಓದವ್ವಾ." ಅವಳಿಗೆ ರಾಗ ಅಷ್ಟಾಗಿ ಹಿಡಿಯುತ್ತಿರಲಿಲ್ಲ, ಗಂಟಲು ನಡುಗುತ್ತಿತ್ತು. ಅವರು ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕುತ್ತಾ ಕೂತರು. ಅವರಿರುವ ತನಕ ಪ್ರತಿವರ್ಷ ಆ ಪದ್ಯ ಅವಳದೇ ಆಗಿತ್ತು.